ಹನ್ನೆರಡು ಗೋಲ್ ಶೀಟ್, ಒಂದು ಪಟ್ಟಿ

ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷ ಎಣಿಸುವ ಕಂಪನಿಗಳಲ್ಲಿ, ವರ್ಷದ ಮೊದಲ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಪ್ರತಿ ನೌಕರನ ಹೆಸರಿನಲ್ಲೂ ಒಂದು ಗೋಲ್ ಶೀಟ್ ಸಿದ್ಧವಾಗಿರುತ್ತದೆ. ಈ ವರ್ಷ ಏನು ಮಾಡಬೇಕು, ಎಷ್ಟು ಮಾಡಬೇಕು, ಒಟ್ಟು ನೂರು ಅಂಕಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಅಂಕ ಎನ್ನುವುದು ಅದರಲ್ಲಿರುತ್ತದೆ. ಮೊದಲನೆಯದು ಗುರಿ, ಎರಡನೆಯದು ಟಾರ್ಗೆಟ್, ಮೂರನೆಯದು ವೇಟೇಜ್. ವರ್ಷದ ಕೊನೆಯ ಅಪ್ರೈಸಲ್, ಅದರ ಬೆನ್ನಿಗೆ ಬರುವ ಇನ್‌ಕ್ರಿಮೆಂಟು, ಎರಡೂ ಇದೇ ಹಾಳೆಯ ಮೇಲೆ ನಿಂತಿರುತ್ತವೆ. ಮೇಲಿನವರ ಗುರಿಯೂ ಕೆಳಗಿನವರ ಗುರಿಯೂ ಒಂದಕ್ಕೊಂದು ಹೊಂದಬೇಕು ಎನ್ನುವ ಈ ಪದ್ಧತಿ ಪೀಟರ್ ಡ್ರಕರ್ 1954ರಲ್ಲಿ ಬರೆದ 'ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್' ಪುಸ್ತಕದಿಂದ ಹೆಚ್ಚು ಪ್ರಚಾರಕ್ಕೆ ಬಂತು.

ಆದರೆ ಹೊಂದಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ವಿಭಾಗದ ಮುಖ್ಯಸ್ಥರು ಒಂದೊಂದು ಶೀಟಿಗೂ ಬೇರೆ ಬೇರೆ ದಿನ ಸಹಿ ಹಾಕಿರುತ್ತಾರೆ. ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಕಡಿಮೆ. ಆದ್ದರಿಂದ ಎಲ್ಲ ಶೀಟುಗಳ ಗುರಿ, ಟಾರ್ಗೆಟ್, ವೇಟೇಜನ್ನು ಒಂದೇ ಪಟ್ಟಿಗೆ ಇಳಿಸಿ ಅವರ ಮುಂದಿಡುವ ಕೆಲಸ ಎಚ್‌ಆರ್‌ನ ಒಬ್ಬರಿಗೋ, ವಿಭಾಗದ ಆಫೀಸ್ ಅಸಿಸ್ಟೆಂಟ್‌ಗೋ ಬರುತ್ತದೆ. ನೋಡುವವರಿಗೆ ಇದು ನಕಲು ಮಾಡುವ ಕೆಲಸ. ಮಾಡಿದವರಿಗೆ ಗೊತ್ತು, ಪ್ರತಿ ಸಾಲಿನಲ್ಲೂ ಒಂದು ತೀರ್ಮಾನ ಕಾದಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗ. ಮುಖ್ಯಸ್ಥರ ಕೈಕೆಳಗೆ ಹನ್ನೆರಡು ಜನ: ಮೂರು ಲೈನುಗಳಿಗೆ ಮೂವರು ಇಂಜಿನಿಯರು, ಆರು ಮಂದಿ ಶಿಫ್ಟ್ ಟೆಕ್ನೀಷಿಯನ್‌ಗಳು, ಸ್ಟೋರ್ಸ್ ಮತ್ತು ದಾಖಲೆ ನೋಡಿಕೊಳ್ಳುವ ಮೂವರು. ಮುಖ್ಯಸ್ಥರ ಸ್ವಂತ ಶೀಟಿನಲ್ಲಿರುವ ದೊಡ್ಡ ಗುರಿ, ಯಂತ್ರಗಳು ಕೆಟ್ಟು ನಿಲ್ಲುವ ಸಮಯವನ್ನು ಶೇ. 6ರಿಂದ ಶೇ. 4ಕ್ಕೆ ಇಳಿಸುವುದು. ಅದಕ್ಕೆ ವೇಟೇಜ್ 40.

ಪಟ್ಟಿಯ ಮೊದಲ ನಿಯಮ, ಒಂದು ಗುರಿಗೆ ಒಂದು ಸಾಲು. ಒಬ್ಬರಿಗೆ ಒಂದು ಸಾಲು ಕೊಟ್ಟು, ಗುರಿ 1, ಗುರಿ 2 ಎಂದು ಅಡ್ಡಕ್ಕೆ ಬೆಳೆಸಿದರೆ ಓದಲು ಚೆಂದವಿರುತ್ತದೆ. ಆದರೆ ಒಬ್ಬರಿಗೆ ಐದು ಗುರಿ, ಇನ್ನೊಬ್ಬರಿಗೆ ಒಂಬತ್ತು ಇದ್ದಾಗ ಅದನ್ನು ಕೂಡಿಸುವುದಕ್ಕೂ ಆಗುವುದಿಲ್ಲ, ವಿಂಗಡಿಸುವುದಕ್ಕೂ ಆಗುವುದಿಲ್ಲ. ಸಾಲಿನಲ್ಲಿ ಮೊದಲು ನೌಕರರ ಸಂಖ್ಯೆ ಬರಲಿ. ಹೆಸರು ನಂಬಬಾರದು. ಒಂದೇ ವಿಭಾಗದಲ್ಲಿ ಇಬ್ಬರು ಮಂಜುನಾಥ್ ಇರುತ್ತಾರೆ, ಅವರಲ್ಲೊಬ್ಬರು ಇನಿಷಿಯಲ್ಲನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರೆದಿರುತ್ತಾರೆ. ಆಮೇಲೆ ಗುರಿ, ಟಾರ್ಗೆಟ್, ಅಳತೆಯ ಮಾನ, ಗಡುವು, ವೇಟೇಜ್. ಕೊನೆಯಲ್ಲಿ, ಇದು ಯಾವ ಫೈಲಿನ ಯಾವ ಸಾಲಿನಿಂದ ಬಂತು ಎನ್ನುವ ಗುರುತು. ಈ ಗುರುತಿನ ಕಾಲಂ ಅನಗತ್ಯ ಎಂದು ಬಿಡುವವರೇ ಹೆಚ್ಚು. ಮುಖ್ಯಸ್ಥರು ಒಂದು ಅಂಕೆಯ ಮೇಲೆ ಬೆರಳಿಟ್ಟು "ಇದು ಎಲ್ಲಿಂದ ಬಂತು?" ಎಂದು ಕೇಳಿದಾಗ ಉತ್ತರ ಕೊಡುವುದು ಅದೇ.

ಟಾರ್ಗೆಟ್‌ಗೆ ಎರಡು ಕಾಲಂ ಇಡಬೇಕು ಎನ್ನುವುದು ನನ್ನ ದೃಢ ಅಭಿಪ್ರಾಯ. ಒಂದರಲ್ಲಿ ಶೀಟಿನಲ್ಲಿದ್ದ ಮಾತು ಇದ್ದಂತೆಯೇ, ತಪ್ಪು ಕಾಗುಣಿತವನ್ನೂ ತಿದ್ದದೆ. ಇನ್ನೊಂದರಲ್ಲಿ ಅದನ್ನು ನಾವು ಅರ್ಥ ಮಾಡಿಕೊಂಡ ಅಂಕೆ. ಎರಡನ್ನೂ ಬೆರೆಸಿದರೆ, ಸಹಿ ಹಾಕಿದವರು ಬರೆದದ್ದು ಯಾವುದು, ಪಟ್ಟಿ ಮಾಡಿದವರು ಊಹಿಸಿದ್ದು ಯಾವುದು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಇನ್ನು ವೇಟೇಜ್. ಹೆಚ್ಚಿನ ತಪ್ಪು ನುಸುಳುವುದು ಇಲ್ಲಿ. ಎರಡನೇ ಲೈನಿನ ಇಂಜಿನಿಯರ್ ಶೀಟಿನಲ್ಲಿ 'ಯಂತ್ರ ನಿಲುಗಡೆ' ಎಂಬ ಗುರಿಯ ಮುಂದೆ ಮೂರು ಟಾರ್ಗೆಟ್‌ಗಳಿವೆ: ನಿಲುಗಡೆ ಶೇ. 10 ಇಳಿಕೆ, ರಿಪೇರಿಗೆ ಸರಾಸರಿ 45 ನಿಮಿಷದೊಳಗೆ, ಅದೇ ದೋಷ 30 ದಿನದೊಳಗೆ ಮರುಕಳಿಸಬಾರದು. ಮೂರಕ್ಕೂ ಸೇರಿಸಿ ಒಂದೇ ದೊಡ್ಡ ಸೆಲ್‌ನಲ್ಲಿ 30 ಎಂದು ಬರೆದಿದೆ. ಎಕ್ಸೆಲ್‌ನಲ್ಲಿ ಹೀಗೆ ಸೇರಿಸಿದ ಸೆಲ್‌ನ ಅಂಕೆ ನಿಜವಾಗಿ ಇರುವುದು ಮೇಲಿನ ಸೆಲ್‌ನಲ್ಲಿ ಮಾತ್ರ. ಕೆಳಗಿನ ಎರಡು ಖಾಲಿ. ಖಾಲಿ ಜಾಗಕ್ಕೆ ಮೇಲಿನದನ್ನೇ ತುಂಬಲು Power Query ಯಲ್ಲಿ Fill Down ಎಂಬ ಸೌಲಭ್ಯವಿದೆ. ನೌಕರರ ಸಂಖ್ಯೆಗೆ, ಗುರಿಯ ಹೆಸರಿಗೆ ಅದು ಸರಿ. ವೇಟೇಜಿಗೂ ಅದನ್ನೇ ಮಾಡಿದರೆ 30 ಮೂರು ಸಲ ಬಂದು 90 ಆಗುತ್ತದೆ, ಆ ಇಂಜಿನಿಯರ್ ಒಟ್ಟು 160 ಅಂಕದ ಮನುಷ್ಯರಾಗಿಬಿಡುತ್ತಾರೆ. ಹಾಗೆಂದು ಮೂರಕ್ಕೂ ಹತ್ತು ಹತ್ತು ಎಂದು ನಾವೇ ಹಂಚುವುದೂ ಸಲ್ಲದು. ಮೊದಲ ಸಾಲಿನಲ್ಲಿ 30 ಇಟ್ಟು, ಉಳಿದೆರಡನ್ನು ಖಾಲಿ ಬಿಟ್ಟು, 'ಮೂರಕ್ಕೂ ಸೇರಿ' ಎಂದು ಷರಾ ಬರೆದು, ಅವರನ್ನೇ ಕೇಳುವುದು ಸರಿಯಾದ ದಾರಿ.

ಮೂರನೇ ಲೈನಿನ ಶೀಟು ಇನ್ನೊಂದು ಬಗೆಯದು. 'ಯಂತ್ರಗಳ ಲಭ್ಯತೆ' ಎಂಬ ಗುಂಪಿಗೆ 40. ಅದರಡಿಯಲ್ಲಿ ಎರಡು ಉಪಗುರಿ, ನಿಲುಗಡೆ ಇಳಿಸುವುದಕ್ಕೆ 60, ಬಿಡಿಭಾಗಗಳನ್ನು ಮುಂಚೆಯೇ ತರಿಸಿಡುವುದಕ್ಕೆ 40. ಇಲ್ಲಿ 60 ಎನ್ನುವುದು ಗುಂಪಿನೊಳಗಿನ ಪಾಲು. ನಲವತ್ತರಲ್ಲಿ ಶೇ. 60 ಎಂದರೆ 24, ಇನ್ನೊಂದು 16. ಇದೇ ನಮೂನೆಯನ್ನು ಮತ್ತೊಬ್ಬರು ಬಳಸುವಾಗ ಉಪಗುರಿಗೆ ನೇರವಾಗಿ 25, 15 ಎಂದು ಬರೆದಿರಬಹುದು. ಯಾವುದು ಯಾವುದೆಂದು ತಿಳಿಯಲು ಉಪಗುರಿಗಳನ್ನು ಕೂಡಿಸಿ ನೋಡಬೇಕು. ಮೊತ್ತ 100 ಬಂದರೆ ಅದು ಪಾಲು, ಗುಣಿಸಬೇಕು. ಗುಂಪಿನ ಅಂಕೆಯೇ ಬಂದರೆ ನೇರ ಅಂಕ, ಹಾಗೆಯೇ ತೆಗೆದುಕೊಳ್ಳಬೇಕು. ಎರಡೂ ಅಲ್ಲದಿದ್ದರೆ ಬರೆದವರಿಗೆ ಫೋನು ಮಾಡಬೇಕು. ಗುಂಪಿನ ಸಾಲನ್ನು ಮಾತ್ರ ಪಟ್ಟಿಯೊಳಗೆ ಬಿಡಬಾರದು, ಬಿಟ್ಟರೆ ಅದೇ ಅಂಕ ಎರಡು ಸಲ ಲೆಕ್ಕಕ್ಕೆ ಸೇರುತ್ತದೆ.

ಇಷ್ಟಾದ ಮೇಲೆ ಪ್ರತಿಯೊಬ್ಬರ ಮೊತ್ತ ನೋಡಬೇಕು. ಗುರಿಗಳ ಪಟ್ಟಿಗೆ Goals ಎಂದು ಹೆಸರಿಟ್ಟು, ಬೇರೊಂದು ಪಟ್ಟಿಯಲ್ಲಿ ಹಾಜರಿ ಪುಸ್ತಕದ ಹನ್ನೆರಡೂ ಸಂಖ್ಯೆಗಳನ್ನು ಬರೆದು, ಪಕ್ಕದಲ್ಲಿ ಈ ಸೂತ್ರ ಹಾಕಿದರೆ ಸಾಕು:

```
=SUMIFS(Goals[Weight],Goals[EmpNo],[@EmpNo])
```

ಎಲ್ಲರದೂ 100 ಬರಬೇಕು, ವಿಭಾಗದ್ದು 1200. ತಪ್ಪಿದ ಮೊತ್ತವೇ ರೋಗದ ಹೆಸರು ಹೇಳುತ್ತದೆ. ಮೊತ್ತ 1 ಬಂದರೆ ಆ ಶೀಟಿನಲ್ಲಿ ಶೇಕಡಾ ಚಿಹ್ನೆ ಇತ್ತು ಎಂದರ್ಥ, ಪರದೆಯ ಮೇಲೆ 25% ಕಂಡರೂ ಒಳಗಿರುವುದು 0.25. ಮೊತ್ತ 75 ಬಂದು, ಕಣ್ಣಿಗೆ ಮಾತ್ರ ಎಲ್ಲ ಅಂಕೆ ಸರಿಯಾಗಿ ಕಂಡರೆ, ಒಂದು 25 ಅಕ್ಷರರೂಪದಲ್ಲಿ ಕುಳಿತಿದೆ, ಅದನ್ನು ಎಕ್ಸೆಲ್ ಕೂಡಿಸಿಲ್ಲ. ಸೊನ್ನೆ ಬಂದರೆ ಅವರ ಶೀಟೇ ಬಂದಿಲ್ಲದಿರಬಹುದು. ಹಾಜರಿ ಪುಸ್ತಕದಿಂದ ಶುರು ಮಾಡಬೇಕೆಂದು ಹೇಳಿದ್ದು ಇದಕ್ಕೇ. ಬಂದ ಶೀಟುಗಳಿಂದ ಶುರು ಮಾಡಿದರೆ ಬಾರದವರು ಕಾಣುವುದೇ ಇಲ್ಲ. ಮೂಲ ಶೀಟಿನಲ್ಲೇ ಮೊತ್ತ 95 ಇರುವುದೂ ಉಂಟು. ಆಗ ಅದನ್ನು ತಿದ್ದುವ ಅಧಿಕಾರ ಪಟ್ಟಿ ಮಾಡುವವರಿಗಿಲ್ಲ, 95 ಎಂದೇ ಇಟ್ಟು ಗುರುತು ಹಾಕಬೇಕು.

ಮೊತ್ತ ಸರಿಯಿದ್ದರೆ ಎಲ್ಲವೂ ಸರಿ ಎಂದಲ್ಲ. ಸುರಕ್ಷತೆಯ 15 ನಿಲುಗಡೆಯ ಮುಂದೆ, ನಿಲುಗಡೆಯ 30 ಸುರಕ್ಷತೆಯ ಮುಂದೆ ಹೋಗಿ ಕುಳಿತರೂ ಮೊತ್ತ ನೂರೇ. ಇದನ್ನು ಸೂತ್ರ ಹಿಡಿಯುವುದಿಲ್ಲ. ಒಬ್ಬರು ಸಹಿಯಾದ ಪ್ರತಿಯಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪಟ್ಟಿಯಲ್ಲಿ ಟಿಕ್ ಹಾಕಬೇಕು. ಹನ್ನೆರಡು ಶೀಟಿಗೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ.

ಈಗ ಟಾರ್ಗೆಟ್ ಕಾಲಮಿಗೆ ಬರೋಣ. ನಿಲುಗಡೆಯ ಸಾಲುಗಳನ್ನು ಮಾತ್ರ ಒಟ್ಟಿಗೆ ತಂದಾಗ ಮೂವರು ಇಂಜಿನಿಯರುಗಳ ಮಾತು ಹೀಗಿದೆ. ಮೊದಲನೆಯವರು 'ಶೇ. 4 ಅಥವಾ ಕಡಿಮೆ'. ಎರಡನೆಯವರು 'ಶೇ. 10 ಇಳಿಕೆ'. ಮೂರನೆಯವರು 'ಗಣನೀಯವಾಗಿ ಇಳಿಸುವುದು'. ಬಿಡಿಬಿಡಿಯಾಗಿ ಓದಿದಾಗ ಮೂರೂ ಒಪ್ಪುವಂಥ ಮಾತೇ. ಎರಡನೆಯವರಿಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಹತ್ತು ಪರ್ಸೆಂಟ್ ಅಂದ್ರೆ ಯಾವುದರಲ್ಲಿ ಹತ್ತು, ಸಾರ್?" ಹೋದ ವರ್ಷದ ಆರರಲ್ಲಿ ಹತ್ತನೇ ಒಂದು ಭಾಗ ಎಂದರೆ 0.6. ಅವರು ಇಳಿಸಲು ಒಪ್ಪಿರುವುದು ಶೇ. 5.4ಕ್ಕೆ, ನಾಲ್ಕಕ್ಕಲ್ಲ. ಮೂರನೆಯವರು ಯಾವ ಅಂಕೆಗೂ ಕಟ್ಟುಬಿದ್ದಿಲ್ಲ. ಮೂರೂ ಲೈನುಗಳು ಸಮಾನ ಗಂಟೆ ಓಡುತ್ತವೆ, ಹೋದ ವರ್ಷ ಮೂರರಲ್ಲೂ ನಿಲುಗಡೆ ಶೇ. 6 ಇತ್ತು ಎಂದುಕೊಳ್ಳಿ. ಮೊದಲಿಬ್ಬರು ತಮ್ಮ ಟಾರ್ಗೆಟ್ ಪೂರ್ತಿ ಮುಟ್ಟಿ, ಮೂರನೆಯ ಲೈನು ಇದ್ದಲ್ಲೇ ಇದ್ದರೆ, 4, 5.4, 6ರ ಸರಾಸರಿ ಶೇ. 5.1ರ ಆಸುಪಾಸು. ಇಬ್ಬರು ಇಂಜಿನಿಯರುಗಳಿಗೆ ಪೂರ್ಣಾಂಕ, ಮುಖ್ಯಸ್ಥರ 40 ಅಂಕದ ಗುರಿ ಮಾತ್ರ ಸೋತಿರುತ್ತದೆ. ಮಾರ್ಚ್‌ನಲ್ಲಿ ಇದು ಗೊತ್ತಾದರೆ ಜಗಳ. ಜೂನ್‌ನಲ್ಲೇ ಪಟ್ಟಿ ಕೈಯಲ್ಲಿದ್ದರೆ ಮೂವರನ್ನೂ ಕೂರಿಸಿಕೊಂಡು ಅರ್ಧ ಗಂಟೆಯಲ್ಲಿ ಸರಿಪಡಿಸಬಹುದು.

ಹನ್ನೆರಡೂ ಜನರ ವೇಟೇಜನ್ನು ಗುರಿಯ ಬಗೆಯ ಪ್ರಕಾರ ಕೂಡಿಸಿದಾಗ ಇನ್ನೊಂದು ಸಂಗತಿ ಹೊರಬರುತ್ತದೆ. ನಿಲುಗಡೆಗೆ ಇಂಜಿನಿಯರುಗಳಿಂದ 30, 30, 24. ಆರು ಟೆಕ್ನೀಷಿಯನ್‌ಗಳಿಂದ ತಲಾ 15ರಂತೆ 90. ಒಟ್ಟು 174, ಅಂದರೆ 1200ರಲ್ಲಿ ಶೇ. 14.5. ಆಡಿಟ್ ದಾಖಲೆ, ಚೆಕ್‌ಲಿಸ್ಟ್, ರಿಜಿಸ್ಟರ್ ನಿರ್ವಹಣೆಯಂಥ ಗುರಿಗಳು ಎಲ್ಲರ ಶೀಟಿನಲ್ಲೂ ಸ್ವಲ್ಪ ಸ್ವಲ್ಪ ಇದ್ದು, ಕೂಡಿದಾಗ 210 ಆಗಿವೆ ಎನ್ನೋಣ. ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದಕ್ಕಿಂತ ಕಾಗದ ಸರಿಯಿಡುವುದಕ್ಕೆ ವಿಭಾಗದಲ್ಲಿ ಹೆಚ್ಚು ಅಂಕವಿದೆ. ಹೀಗಾಗಲಿ ಎಂದು ಯಾರೂ ಬಯಸಿರಲಿಲ್ಲ. ಹಳೆಯ ಶೀಟನ್ನು ನಕಲು ಮಾಡುತ್ತ ವರ್ಷ ವರ್ಷ ಒಂದೊಂದು ಸಾಲು ಸೇರುತ್ತ ಬಂದಾಗ ಹೀಗಾಗುತ್ತದೆ.

ಈ ಅಂಕೆಯನ್ನು ಎಚ್ಚರದಿಂದ ಓದಬೇಕು. ಸ್ಟೋರ್ಸ್‌ನವರ ಕೈಯಲ್ಲಿ ನಿಲುಗಡೆ ನೇರವಾಗಿ ಇಲ್ಲ. ಅಂಥ ಮೂವರನ್ನು ಬಿಟ್ಟು ಒಂಬತ್ತು ಜನರ 900 ಅಂಕಗಳಲ್ಲಿ ನೋಡಿದರೆ ನಿಲುಗಡೆಯ ಪಾಲು ಶೇ. 19 ದಾಟುತ್ತದೆ. ಅಲ್ಲದೆ ವೇಟೇಜನ್ನು ಕೂಡಿಸಬಹುದು, ಟಾರ್ಗೆಟನ್ನು ಹಾಗೆ ಕೂಡಿಸಬಾರದು. ಒಂದೇ ತರಬೇತಿಯನ್ನು ಆರು ಜನ ತಮ್ಮ ತಮ್ಮ ಶೀಟಿನಲ್ಲಿ ಬರೆದುಕೊಂಡಿದ್ದರೆ ಅದು ಆರು ತರಬೇತಿ ಆಗುವುದಿಲ್ಲ. ಗಡುವಿನ ಕಾಲಮಿನಲ್ಲಿ 'ಎರಡನೇ ತ್ರೈಮಾಸಿಕ' ಎಂದಿದ್ದರೆ ಏಪ್ರಿಲ್‌ನಿಂದ ಎಣಿಸುವವರಿಗೆ ಅದು ಜುಲೈ–ಸೆಪ್ಟೆಂಬರ್, ಜನವರಿಯಿಂದ ಎಣಿಸುವ ವಿದೇಶಿ ಮಾತೃಸಂಸ್ಥೆಗೆ ಏಪ್ರಿಲ್–ಜೂನ್. ತಿಂಗಳ ಹೆಸರನ್ನೇ ಬರೆದುಬಿಡುವುದು ಒಳ್ಳೆಯದು.

ವರ್ಷದ ನಡುವೆ ಶೀಟು ಬದಲಾದಾಗ ಹಳೆಯ ಸಾಲನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯಬಾರದು. ಸೆಪ್ಟೆಂಬರ್ ಕೊನೆಯವರೆಗೆ ಮೊದಲ ಲೈನಿನಲ್ಲಿದ್ದ ಟೆಕ್ನೀಷಿಯನ್ ಅಕ್ಟೋಬರ್ 1ರಿಂದ ಮೂರನೆಯದಕ್ಕೆ ಹೋದರೆ ಅವರಿಗೆ ಎರಡು ಶೀಟು, ಎರಡಕ್ಕೂ ನೂರು ನೂರು. 'ಎಂದಿನಿಂದ', 'ಎಂದಿನವರೆಗೆ' ಎಂಬ ಎರಡು ಕಾಲಂ ಸೇರಿಸಿ, ಪ್ರತಿ ವೇಟೇಜನ್ನು ಆ ಶೀಟು ಜಾರಿಯಲ್ಲಿದ್ದ ತಿಂಗಳಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ ಒಟ್ಟು ಮತ್ತೆ ನೂರಕ್ಕೆ ಬರುತ್ತದೆ. ಆ ಆರು ತಿಂಗಳ ಹಳೆಯ ಗುರಿಗೆ ಅಂಕ ಕೊಡಬೇಕಾದವರು ಹಳೆಯ ಲೈನಿನ ಇಂಜಿನಿಯರ್. ಲೈನು ಬದಲಾದ ವಾರದಲ್ಲೇ ಅವರಿಂದ ಅದನ್ನು ಬರೆಸಿಕೊಳ್ಳಬೇಕು.