ಗಾಳಿ ಯಾವ ಕಡೆಯದು? ಹವಾಮಾನ ನಕ್ಷೆಯಲ್ಲಿ ಬೆಂಗಳೂರಿನ ಮಳೆ

ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದಿತೆಂದರೆ ಬೆಂಗಳೂರಿಗೆ ಮಳೆ ಖಚಿತ ಎಂದು ನಾವು ನಂಬಿಬಿಡುತ್ತೇವೆ. ಆದರೆ 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿದಾಗ ಇಲ್ಲಿ ಹೇಳಿಕೊಳ್ಳುವಂಥ ಮಳೆ ಬರಲಿಲ್ಲ. ಮರುವರ್ಷ, 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿಯ ಬಳಿ ದಡ ಸೇರಿದ ಮೇಲೆ ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಮೋಡ, ಚಳಿ, ಜಿಟಿಜಿಟಿ ಮಳೆ. ಈ ವ್ಯತ್ಯಾಸಕ್ಕೆ ಕಾರಣ ಹವಾಮಾನ ನಕ್ಷೆಯಲ್ಲಿಯೇ ಕಾಣುತ್ತದೆ.

ನಕ್ಷೆಯ ಮೇಲಿನ ಬಾಗಿದ ಗೆರೆಗಳು ಸಮಭಾರ ರೇಖೆಗಳು. ಒಂದು ಗೆರೆಯುದ್ದಕ್ಕೂ ವಾಯುಭಾರ ಒಂದೇ. ನಮ್ಮ ಹವಾಮಾನ ಇಲಾಖೆಯ ನಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಹೆಕ್ಟೊಪಾಸ್ಕಲ್‌ಗೆ ಒಂದು ಗೆರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಉಪಕರಣ ತೋರಿಸುವ ಭಾರ 910ರ ಆಸುಪಾಸು. ಅದನ್ನು ಹಾಗೇ ಬರೆದರೆ ಊರೆಲ್ಲ ಸದಾ ಚಂಡಮಾರುತದೊಳಗೆ ಕುಳಿತಂತೆ ಕಾಣುತ್ತಿತ್ತು. ಹಾಗಾಗಿ ಎಲ್ಲ ಊರುಗಳ ಭಾರವನ್ನೂ ಸಮುದ್ರಮಟ್ಟಕ್ಕೆ ಲೆಕ್ಕಹಾಕಿ ಇಳಿಸಿಕೊಂಡೇ ಗೆರೆ ಎಳೆಯುತ್ತಾರೆ.

ಗೆರೆಗಳು ಸುತ್ತಿಕೊಂಡು ಒಳಗೆ ಭಾರ ಕಡಿಮೆಯಾದರೆ ಅಲ್ಲಿ L ಎಂಬ ಗುರುತು. ಅದೇ ವಾಯುಭಾರ ಕುಸಿತ. ಗೆರೆಗಳು ಒತ್ತೊತ್ತಾಗಿರುವ ಕಡೆ ಗಾಳಿ ಜೋರು. ನಮ್ಮ ಉತ್ತರ ಗೋಳಾರ್ಧದಲ್ಲಿ ಆ ಗಾಳಿ L ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತ ಒಳಕ್ಕೆ ಸಾಗುತ್ತದೆ. ಹಾಗಾದರೆ Lನ ಉತ್ತರಕ್ಕಿರುವ ಊರಿಗೆ ಗಾಳಿ ಪೂರ್ವದಿಂದ, ಪಶ್ಚಿಮಕ್ಕಿರುವ ಊರಿಗೆ ಉತ್ತರದಿಂದ, ದಕ್ಷಿಣಕ್ಕಿರುವ ಊರಿಗೆ ಪಶ್ಚಿಮದಿಂದ ಬರುತ್ತದೆ.

ಈಗ ಫೆಂಗಲ್ ನಕ್ಷೆಗೆ ಬನ್ನಿ. ಪುದುಚೇರಿ ಬೆಂಗಳೂರಿಗಿಂತ ಸುಮಾರು ಒಂದು ಡಿಗ್ರಿ ದಕ್ಷಿಣಕ್ಕಿದೆ. L ಅಲ್ಲಿ ನಿಂತಾಗ ನಾವು ಅದರ ವಾಯವ್ಯಕ್ಕೆ ಬಿದ್ದೆವು. ಕಡಲಿನ ತೇವ ಹೊತ್ತ ಈಶಾನ್ಯದ ಗಾಳಿ ಪ್ರಸ್ಥಭೂಮಿಯನ್ನು ಏರುತ್ತ ನಮ್ಮ ಕಡೆಗೆ ಬಂತು. ಮಿಚಾಂಗ್ ನಕ್ಷೆಯಲ್ಲಿ ಹಾಗಲ್ಲ. ಅದು ಚೆನ್ನೈ ತೀರದ ಪಕ್ಕದಲ್ಲೇ ಉತ್ತರಕ್ಕೆ ಸಾಗಿ ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲ ಬಳಿ ದಡ ಸೇರಿತು. ಬೆಂಗಳೂರು ಮೊದಲು ಅದರ ಪಶ್ಚಿಮಕ್ಕೆ, ಆಮೇಲೆ ನೈರುತ್ಯಕ್ಕೆ ಉಳಿಯಿತು. ನಮಗೆ ಸಿಕ್ಕಿದ್ದು ಒಳನಾಡಿನ ಒಣಗಾಳಿ.

ದಡ ಸೇರಿದ ಚಂಡಮಾರುತದ ಗಾಳಿ ಸೋತರೂ ಮಳೆ ಸೋಲಬೇಕೆಂದಿಲ್ಲ. ಫೆಂಗಲ್ ದುರ್ಬಲವಾಗಿ, ನಿಧಾನಕ್ಕೆ ಪಶ್ಚಿಮಕ್ಕೆ ಜರುಗುವಾಗ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಡಿಸೆಂಬರ್ 2ರ ಬೆಳಗಿನವರೆಗಿನ 24 ತಾಸಿನಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ ಸುರಿಯಿತು. ಆ ಊರು ಇಲ್ಲಿಂದ ನೇರ ಲೆಕ್ಕದಲ್ಲಿ 130 ಕಿಲೋಮೀಟರಿನೊಳಗೇ ಇದೆ. ನಿಧಾನವಾಗಿ ಸಾಗುವ L ಒಂದೇ ಜಾಗದ ಮೇಲೆ ತೇವವನ್ನು ಮತ್ತೆ ಮತ್ತೆ ತಂದು ಸುರಿಯುತ್ತದೆ. ಆದ್ದರಿಂದ ಒಂದೇ ನಕ್ಷೆ ಸಾಲದು. ಹಿಂದಿನ ದಿನದ್ದನ್ನೂ ಪಕ್ಕಕ್ಕಿಟ್ಟು L ಎಷ್ಟು ಜರುಗಿದೆ ಎಂದು ನೋಡಬೇಕು. ನಕ್ಷೆಯ ಮೇಲಿನ ಸಮಯದಲ್ಲೂ ಎಚ್ಚರ ಬೇಕು: 03 UTC ಎಂದರೆ ನಮಗೆ ಬೆಳಗಿನ ಎಂಟೂವರೆ. ಮಳೆಯ ಲೆಕ್ಕವೂ ಎಂಟೂವರೆಯಿಂದ ಎಂಟೂವರೆಗೆ. ಡಿಸೆಂಬರ್ 2ರ ಅಂಕಿಯಲ್ಲಿ ಹಿಂದಿನ ದಿನ ಸುರಿದದ್ದೂ ಸೇರಿರುತ್ತದೆ.

ಯುರೋಪಿನ ನಕ್ಷೆಗಳಲ್ಲಿ ಕಾಣುವ ನೀಲಿ ತ್ರಿಕೋನ, ಕೆಂಪು ಅರ್ಧವೃತ್ತಗಳ ಗೆರೆಗಳನ್ನು ಇಲ್ಲಿ ಹುಡುಕಬೇಡಿ. ಅವು ಫ್ರಂಟ್‌ಗಳು, ತಣ್ಣನೆಯ ಮತ್ತು ಬೆಚ್ಚನೆಯ ಗಾಳಿರಾಶಿಗಳ ನಡುವಿನ ಗಡಿಗಳು. ದಕ್ಷಿಣ ಭಾರತದಲ್ಲಿ ಅಷ್ಟು ಉಷ್ಣಾಂಶದ ಅಂತರವಿರುವ ಗಾಳಿರಾಶಿಗಳು ಎದುರಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಆ ಜಾಗದಲ್ಲಿ ಇನ್ನೊಂದು ಗೆರೆ ಕಾಣಿಸುತ್ತದೆ: ವಿದರ್ಭ ಅಥವಾ ಮರಾಠವಾಡದಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನತ್ತ ಇಳಿಯುವ ಟ್ರಫ್. ಅದರ ಒಂದು ಪಕ್ಕ ಒಣಗಾಳಿ, ಇನ್ನೊಂದು ಪಕ್ಕ ಕೊಲ್ಲಿಯ ತೇವಗಾಳಿ. ಎರಡೂ ಸೇರುವ ಕಡೆ ಗಾಳಿಗೆ ಮೇಲೇರುವುದೊಂದೇ ದಾರಿ. ಬಿಸಿಲಿಗೆ ಕಾದ ನೆಲ ಅದನ್ನು ಇನ್ನಷ್ಟು ಮೇಲಕ್ಕೆತ್ತಿ, ಸಂಜೆಯ ಹೊತ್ತಿಗೆ ಗುಡುಗುಮಳೆ ಮಾಡಿಸುತ್ತದೆ.

ಚಾಮರಾಜಪೇಟೆಯಲ್ಲಿ ಸುರಿದ ಸಂಜೆಮಳೆ ಮಲ್ಲೇಶ್ವರದಲ್ಲಿ ರಸ್ತೆಯನ್ನೂ ನೆನೆಸದಿರುವುದು ಇಂಥ ಗುಡುಗುಮಳೆಯಿಂದಲೇ. ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್. ಸಮಭಾರ ರೇಖೆ ಎಳೆಯಲು ಬಳಸುವ ಕೇಂದ್ರಗಳ ನಡುವಿನ ದೂರವೇ ಹತ್ತಾರು ಕಿಲೋಮೀಟರ್. ಮಳೆ ಬರುವ ಪ್ರದೇಶ ಯಾವುದೆಂದು ನಕ್ಷೆ ಹೇಳೀತು, ಬಡಾವಣೆ ಯಾವುದೆಂದು ಹೇಳಲಾರದು. ಅದಕ್ಕೆ ಆ ಗಳಿಗೆಯ ರೇಡಾರ್ ಚಿತ್ರವನ್ನೇ ನೋಡಬೇಕು.

ನಕ್ಷೆಯನ್ನು ಮನೆಯ ತಾರಸಿಯಿಂದಲೇ ಪರೀಕ್ಷಿಸಬಹುದು. ಕೆಳಮಟ್ಟದ ಮೋಡಗಳು ಬರುವ ದಿಕ್ಕಿಗೆ ಬೆನ್ನುಹಾಕಿ ನಿಂತರೆ ಕುಸಿತ ಹೆಚ್ಚುಕಡಿಮೆ ನಿಮ್ಮ ಎಡಗೈ ಕಡೆಗಿರುತ್ತದೆ. ಬೀದಿಯ ಗಾಳಿಯನ್ನು ನಂಬಬೇಡಿ, ಕಟ್ಟಡಗಳು ಅದನ್ನು ತಿರುಗಿಸಿರುತ್ತವೆ. ಮೋಡ ಈಶಾನ್ಯದಿಂದ ಬರುತ್ತಿದ್ದು, ಆಗ್ನೇಯದಲ್ಲಿರುವ ಎಡಗೈಯ ಕಡೆಗೇ ನಕ್ಷೆಯಲ್ಲೂ L ಇದ್ದರೆ ಕೊಡೆ ಹಿಡಿದು ಹೊರಡಿ. ಮೋಡ ಉತ್ತರದಿಂದಲೋ ವಾಯವ್ಯದಿಂದಲೋ ಬರತೊಡಗಿದರೆ L ನಮ್ಮನ್ನು ದಾಟಿ ಮೇಲಕ್ಕೆ ಹೋಗುತ್ತಿದೆ, ಮಳೆ ಆಂಧ್ರದ ಪಾಲಾಗುತ್ತಿದೆ ಎಂದರ್ಥ.