ಅನಂತದಿಂದ ಶೂನ್ಯಕ್ಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು ರೇಷ್ಮೆ ಸೀರೆಗಳಿಗೆ ಹೆಸರಾದುದು. ಆ ತಾಲ್ಲೂಕಿನ ರಾಂಪುರದಲ್ಲಿ ಇಬ್ಬರು ನೇಕಾರರಿರುವರೆಂದು ಭಾವಿಸೋಣ. ಹಿರಿಯನು ಈಗಾಗಲೇ 40 ಮೊಳ ಬಟ್ಟೆ ನೇಯ್ದಿದ್ದಾನೆ. ಮುಂದೆಯೂ ದಿನಕ್ಕೆ 2 ಮೊಳದಂತೆ ನೇಯುತ್ತಾನೆ. ಕಿರಿಯನು ಇಂದು ಮೊದಲುಮಾಡಿ ದಿನಕ್ಕೆ 3 ಮೊಳದಂತೆ ನೇಯುತ್ತಾನೆ. x ದಿನಗಳ ಬಳಿಕ ಕಿರಿಯನ ಬಟ್ಟೆಗೂ ಹಿರಿಯನ ಬಟ್ಟೆಗೂ ಇರುವ ಪ್ರಮಾಣ ಹೀಗಾಗುತ್ತದೆ:

3x / (2x + 40)

ಹತ್ತನೆಯ ದಿನ ಇದು 30/60, ಅಂದರೆ ಅರ್ಧ. ನಲವತ್ತನೆಯ ದಿನ ಇಬ್ಬರೂ ಸಮ. ನೂರನೆಯ ದಿನ 300/240, ಅಂದರೆ 1.25. ದಿನಗಳು ಮಿತಿಯಿಲ್ಲದೆ ಬೆಳೆದರೆ ಈ ಪ್ರಮಾಣ ಎತ್ತ ಸಾಗುತ್ತದೆ? ಅಂಶವೂ ಛೇದವೂ ಅನಂತವಾಗಿ ಬೆಳೆಯುವುದರಿಂದ ಉತ್ತರ ಕಣ್ಣಿಗೆ ನಿಲುಕದು. ಅನಂತವನ್ನು ಅನಂತದಿಂದ ಭಾಗಿಸಿದರೆ ಒಂದು ಎನ್ನುವುದು ಸಲ್ಲದು, ಅನಂತವು ಸಂಖ್ಯೆಯಲ್ಲ.

ಇಲ್ಲಿ t = 1/x ಎಂದು ಇಟ್ಟುಕೊಳ್ಳಬೇಕು. x ಹಿಗ್ಗಿದಷ್ಟೂ t ಕುಗ್ಗುತ್ತದೆ: x ಹತ್ತಾದಾಗ t 0.1; x ಸಾವಿರವಾದಾಗ t 0.001. x ಅನಂತದತ್ತ ಓಡಿದರೆ t ಶೂನ್ಯದತ್ತ ಸರಿಯುತ್ತದೆ. ಈಗ x ಇರುವೆಡೆಯಲ್ಲೆಲ್ಲ 1/t ಬರೆದು, ಅಂಶ ಛೇದಗಳೆರಡನ್ನೂ t ಯಿಂದ ಗುಣಿಸಿದರೆ ಪ್ರಮಾಣವು ಹೀಗೆ ಮಾರ್ಪಡುತ್ತದೆ:

3 / (2 + 40t)

t ಶೂನ್ಯವನ್ನು ಸಮೀಪಿಸಿದಂತೆ 40t ಕರಗಿಹೋಗುತ್ತದೆ, ಮಿತಿ 3/2. ಸಾವಿರನೆಯ ದಿನದ ಪ್ರಮಾಣ 3000/2040, ಸುಮಾರು 1.47. ಉತ್ತರ ಸರಿಯಾದ ದಾರಿಯಲ್ಲಿದೆಯೆಂಬುದಕ್ಕೆ ಇದೇ ಸಾಕ್ಷಿ. ಹಿರಿಯನು ಮೊದಲೇ ನೇಯ್ದ 40 ಮೊಳ ಲೆಕ್ಕದಿಂದ ಎಂದಿಗೂ ಅಳಿಯದು. ಆದರೆ ಪ್ರಮಾಣದಲ್ಲಿ ಅದರ ಪಾಲು ಕ್ಷೀಣಿಸುತ್ತ, ದಿನದಿನದ ನೇಯ್ಗೆಯ ವೇಗಗಳ ಪ್ರಮಾಣವಷ್ಟೇ ಉಳಿಯುತ್ತದೆ.

t ಶೂನ್ಯದ ಸಮೀಪಕ್ಕೆ ಬರುತ್ತದೆಯೇ ಹೊರತು ಶೂನ್ಯವಾಗುವುದಿಲ್ಲ. ಆದುದಾದರೆ x ಎಂಬುದು 1/0 ಆಗಬೇಕಾಗುವುದು. ಭಾಸ್ಕರಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ಬರೆದ ಬೀಜಗಣಿತದಲ್ಲಿ ಶೂನ್ಯದಿಂದ ಭಾಗಿಸಿದ ರಾಶಿಯನ್ನು ಖಹರವೆಂದು ಕರೆದು, ಅದಕ್ಕೆ ಏನನ್ನು ಕೂಡಿದರೂ ಕಳೆದರೂ ವಿಕಾರವಿಲ್ಲವೆಂದರು. ಇಂದಿನ ಗಣಿತವು ಅಂಥ ಭಾಗಾಕಾರವನ್ನು ಒಪ್ಪದೆ, ಸಮೀಪಿಸುವಿಕೆಯನ್ನಷ್ಟೇ ಹೇಳುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ದಿನಗಳ ಎಣಿಕೆ ಧನಸಂಖ್ಯೆಯಾದುದರಿಂದ t ಯೂ ಧನವಾಗಿಯೇ, ಶೂನ್ಯದ ಬಲಗಡೆಯಿಂದ ಬಂದಿತು. x ಋಣಾತ್ಮಕವಾಗಿ ಅನಂತದತ್ತ ಹೋದರೆ t ಎಡಗಡೆಯಿಂದ ಬರುತ್ತದೆ. (|x| + 1)/x ಎಂಬುದನ್ನು ನೋಡಿರಿ. t ಧನವಾದಾಗ ಇದು 1 + t, ಮಿತಿ 1. t ಋಣವಾದಾಗ ಇದು −1 + t; ಮಿತಿ −1. ಬದಿಯನ್ನು ಮರೆತು ಶೂನ್ಯವೊಂದನ್ನೇ ನೆನೆದವನಿಗೆ ಎರಡು ಉತ್ತರಗಳಲ್ಲಿ ಒಂದು ತಪ್ಪಿಹೋಗುತ್ತದೆ. ಆದುದರಿಂದ x ಅನ್ನು t ಯಾಗಿ ಮಾರ್ಪಡಿಸುವಾಗ, t ಯಾವ ಬದಿಯಿಂದ ಶೂನ್ಯಕ್ಕೆ ಬರುವುದೆಂಬುದನ್ನೂ ಜೊತೆಯಲ್ಲಿಯೇ ಬರೆದಿಡಬೇಕು.