ಕೊನೆಯ ಪರೀಕ್ಷೆಯಿಂದ ಮೊದಲ ಪಾಠಕ್ಕೆ

ಹಿಮ್ಮುಖ ಯೋಜನೆಯಲ್ಲಿ ಘಟಕದ ಕೊನೆಯ ಮೌಲ್ಯಮಾಪನ ಮೊದಲು ಸಿದ್ಧವಾಗುತ್ತದೆ. ದಿನದ ಚಟುವಟಿಕೆಗಳು ಅದರಿಂದ ಹುಟ್ಟುತ್ತವೆ. ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಕ್ರಮ ಪ್ರಸಿದ್ಧವಾಯಿತು.

ಭಿನ್ನರಾಶಿಗಳನ್ನು ಕೂಡುವ ಘಟಕವನ್ನೇ ತೆಗೆದುಕೊಳ್ಳಬಹುದು. ಛೇದಗಳು ಬೇರೆಯಾದಾಗ ಅವನ್ನು ಏಕೆ ಸಮ ಮಾಡಬೇಕೆಂದು ಮಕ್ಕಳು ತಿಳಿಯುವುದು ಗುರಿ. ಲೆಕ್ಕ ಮಾಡಿಸಿದರಷ್ಟೇ ಈ ತಿಳಿವು ಕಾಣದು, ನಿಯಮ ಬಾಯಿಪಾಠವಾದವರೂ ಸರಿಯುತ್ತರ ಬರೆಯುತ್ತಾರೆ. ಆದ್ದರಿಂದ ಕೊನೆಯ ಪ್ರಶ್ನೆ ಹೀಗಿರಲಿ: ‘1/2 + 1/3 = 2/5 ಎಂದು ಒಬ್ಬಳು ಬರೆದಿದ್ದಾಳೆ. ಇದು ಏಕೆ ತಪ್ಪೆಂದು ಚಿತ್ರ ಬರೆದು ವಿವರಿಸಿ.’ 2/5 ಎಂಬುದು ಅರ್ಧಕ್ಕಿಂತ ಕಡಿಮೆ ಎಂದು ಗುರುತಿಸಿ, ಆರು ಭಾಗಗಳ ಪಟ್ಟಿಯಲ್ಲಿ 5/6 ತೋರಿಸಿದ ಮಗುವಿಗೆ ವಿಷಯ ದಕ್ಕಿದೆ.

ಇಲ್ಲಿಂದ ಹಿಂದಕ್ಕೆ ನಡೆಯಬೇಕು. ಇದಕ್ಕೆ ಮುನ್ನ ಕಾಗದದ ಪಟ್ಟಿಗಳಲ್ಲಿ ಕೂಡುವ ಅಭ್ಯಾಸ, ಅದಕ್ಕೂ ಮುನ್ನ ಸಮಾನ ಭಿನ್ನರಾಶಿ, ಎಲ್ಲಕ್ಕೂ ಮೊದಲು ಅರ್ಧದೊಡನೆ ಹೋಲಿಕೆ. ರೊಟ್ಟಿ ಹಂಚುವ ಆಟ ಎಷ್ಟೇ ಸೊಗಸಾಗಿದ್ದರೂ ಕೊನೆಯ ಪ್ರಶ್ನೆಗೆ ನೆರವಾಗದಿದ್ದರೆ ಕೈಬಿಡುವುದೇ ಸರಿ. ಘಟಕದ ನಡುವೆ ಒಂದು ಕಿರುಪರೀಕ್ಷೆ ಬೇಕು. ಅದರಲ್ಲಿ ಛೇದಗಳನ್ನೇ ಕೂಡುವವರು ಕಂಡರೆ ಮುಂದಿನ ಪಾಠ ನಿಲ್ಲಿಸಿ ಪಟ್ಟಿಗಳಿಗೆ ಮರಳಬೇಕು.